ಬರ್ಕ್ ಬೆರಳು ತೋರಿಸಿದ, ರಾಕೆಟ್ ಹಾರಿತು

ಜೇಮ್ಸ್ ಬರ್ಕ್ ನಡೆಸಿಕೊಟ್ಟ, ಆವಿಷ್ಕಾರಗಳ ಇತಿಹಾಸ ಹೇಳುವ 1978ರ ಬಿಬಿಸಿ ಟಿವಿ ಸರಣಿ 'ಕನೆಕ್ಷನ್ಸ್' ಮತ್ತೆ ನೋಡುತ್ತಿದ್ದೇನೆ. ಅದರಲ್ಲಿ ಕಂತುಗಳು ಕಾಲದ ಕ್ರಮದಲ್ಲೂ ಇಲ್ಲ, ಒಂದೊಂದು ವಿಷಯಕ್ಕೆ ಒಂದು ಅಂತಲೂ ಇಲ್ಲ. ಒಂದು ಸಂಗತಿ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟ ಸರಪಳಿಯೇ ಒಂದು ಕಂತು.

ಎಂಟನೇ ಕಂತು ನೋಡಿ. ಸೈನ್ಯಕ್ಕೆ ಊಟ ಹೊಂದಿಸುವ ಕಷ್ಟದಿಂದ ಡಬ್ಬಿ ಆಹಾರಕ್ಕೆ ಬರುತ್ತಾನೆ. ಅಲ್ಲಿಂದ ಕೃತಕವಾಗಿ ಮಂಜುಗಡ್ಡೆ ಮಾಡುವ ಯಂತ್ರ, ಆಮೇಲೆ ವಿಜ್ಞಾನಿ ಡೀವರ್ ಮಾಡಿದ ಥರ್ಮಾಸ್ ಫ್ಲಾಸ್ಕ್. ಎರಡು ಗೋಡೆಗಳ ನಡುವೆ ಗಾಳಿಯೇ ಇಲ್ಲದಿದ್ದರೆ ಶಾಖ ದಾಟುವುದು ಕಷ್ಟ. ಹಾಗಾಗಿ ದ್ರವವಾದ ಹೈಡ್ರೋಜನ್, ಆಕ್ಸಿಜನ್ ಬೇಗ ಆವಿಯಾಗದೆ ಉಳಿಯುತ್ತವೆ. ಅವೆರಡನ್ನು ಬೆರೆಸಿ ಬೆಂಕಿ ಹಚ್ಚಿದರೆ ಏನಾಗುತ್ತದೆ ಅಂತ ಹೇಳುತ್ತಾ ಬರ್ಕ್ ಹಿಂದಕ್ಕೆ ಬೆರಳು ತೋರಿಸುತ್ತಾನೆ. ಅದೇ ಕ್ಷಣಕ್ಕೆ ರಾಕೆಟ್ ಹೊತ್ತಿಕೊಳ್ಳುತ್ತದೆ! ಅದು 1977ರ ಆಗಸ್ಟ್ 20ರಂದು ವಾಯೇಜರ್ 2 ಬಾಹ್ಯಾಕಾಶ ನೌಕೆಯನ್ನು ಹೊತ್ತು ಹೊರಟ ಟೈಟನ್ ರಾಕೆಟ್. ರೀಟೇಕ್ ಅನ್ನುವ ಮಾತೇ ಇಲ್ಲ ಅಲ್ವಾ?

ಆದರೆ ಒಂದು ತಕರಾರು. ಆಗ ನಮಗೆ ಕಾಣುವ ಬೆಂಕಿ ಹೈಡ್ರೋಜನ್‌ದಲ್ಲ, ಪಕ್ಕದ ಎರಡು ಘನ ಇಂಧನದ ಬೂಸ್ಟರ್‌ಗಳದ್ದು. ಹೈಡ್ರೋಜನ್, ಆಕ್ಸಿಜನ್ ಇದ್ದದ್ದು ಮೇಲಿನ ಸೆಂಟಾರ್ ಹಂತದಲ್ಲಿ. ಅದು ಹೊತ್ತಿಕೊಳ್ಳುವುದು ಎಷ್ಟೋ ಮೇಲೆ ಹೋದಮೇಲೆ. ಬರ್ಕ್ ಸುಳ್ಳು ಹೇಳಲಿಲ್ಲ, ರಾಕೆಟ್‌ನಲ್ಲಿ ಅವೂ ಇದ್ದವು. ಸರಪಳಿಯ ಕೊನೆಯ ಕೊಂಡಿ ಮಾತ್ರ ಕ್ಯಾಮೆರಾಕ್ಕೆ ಸಿಗದ ಜಾಗದಲ್ಲಿತ್ತು. ಗೊತ್ತಿದ್ದೂ ಆ ತುಣುಕನ್ನು ಹಿಂದಕ್ಕೆ ಓಡಿಸಿ ಓಡಿಸಿ ನೋಡುತ್ತಿದ್ದೇನೆ.