ಕೋಟು ಬಂತು, ಮಚ್ಚೆ ಹೋಯ್ತು

ಅಮೆರಿಕದ ವೀಸಾಕ್ಕೆ ಡಿಎಸ್-160 ಫಾರ್ಮ್ ತುಂಬುತ್ತಾ ಕೂತಿದ್ದೆ. ಎಲ್ಲಾ ಪ್ರಶ್ನೆಗಳನ್ನೂ ದಾಟಿ ಫೋಟೋ ಹಾಕುವ ಪುಟಕ್ಕೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಕೈಯಲ್ಲಿ ಒಂದು ಒಳ್ಳೆಯ ಫೋಟೋ ಇತ್ತು, ಎರಡು ತಿಂಗಳ ಹಿಂದೆ ಕೆಲಸದ ಐಡಿ ಕಾರ್ಡಿಗೆ ತೆಗೆದದ್ದು. ಬಿಳಿ ಗೋಡೆ, ನೇರ ಮುಖ, ಕನ್ನಡಕ ಇಲ್ಲ. ಆರು ತಿಂಗಳ ಒಳಗಿನ ಫೋಟೋ ಬೇಕು ಅನ್ನುವ ಲೆಕ್ಕವೂ ಸರಿಹೋಗಿತ್ತು. ತೊಂದರೆ ಒಂದೇ, ಮೈಮೇಲೆ ಯೂನಿಫಾರ್ಮ್. ಹೆಗಲ ಮೇಲೆ ಪಟ್ಟಿ, ಜೇಬಿನ ಮೇಲೆ ದೊಡ್ಡ ಲೋಗೋ.

ಯೂನಿಫಾರ್ಮ್ ಇರಬಾರದು, ದಿನಾ ಹಾಕುವಂಥ ಬಟ್ಟೆ ಇರಬೇಕು ಅಂತ ನಿಯಮದಲ್ಲಿದೆ. ಅಷ್ಟು ಓದಿದವನು ಮುಂದಿನದನ್ನು ಓದಲಿಲ್ಲ. ಬಟ್ಟೆ ತಾನೇ, ಮುಖ ನನ್ನದೇ ಅಲ್ವಾ ಅಂದುಕೊಂಡು ಫೋನಿಗೆ ಒಂದು ಆ್ಯಪ್ ಇಳಿಸಿಕೊಂಡೆ. ಅದರಲ್ಲಿ ಕೋಟುಗಳ ಸಾಲೇ ಇತ್ತು. ಕಡುನೀಲಿ ಕೋಟು, ಬಿಳಿ ಅಂಗಿ, ಟೈ ಒತ್ತಿದೆ. ನಾಲ್ಕು ಸೆಕೆಂಡಿಗೆ ನಾನು ಯಾವುದೋ ಕಂಪನಿಯ ಡೈರೆಕ್ಟರ್ ಥರ ಕಾಣಿಸಿದೆ. ಅಪ್‌ಲೋಡ್ ಮಾಡಿದೆ. ವೆಬ್‌ಸೈಟು ಫೋಟೋ ಸರಿ ಇದೆ ಅಂತ ತೆಗೆದುಕೊಂಡೂಬಿಟ್ಟಿತು. ನಿದ್ದೆ ಬರುತ್ತಿತ್ತು, ಸೇವ್ ಮಾಡಿ ಮಲಗಿದೆ. ಕೊನೆಯ ಸಬ್ಮಿಟ್ ಒತ್ತಿರಲಿಲ್ಲ, ಅದೇ ಪುಣ್ಯ.

ಬೆಳಿಗ್ಗೆ ಅಕ್ಕನಿಗೆ ತೋರಿಸಿದೆ. ನಗ್ತಾಳೆ ಅಂದುಕೊಂಡಿದ್ದೆ. ಅವಳು ಫೋನ್ ಹತ್ತಿರ ಹಿಡಿದು ನೋಡಿ, "ನಿನ್ನ ಮಚ್ಚೆ ಎಲ್ಲೋ?" ಅಂದಳು.

ನನ್ನ ಗದ್ದದ ಎಡಗಡೆ ಕೆಳಗೆ ಒಂದು ಮಚ್ಚೆ ಇದೆ, ಕಡಲೆಕಾಳಿನ ಅರ್ಧದಷ್ಟು. ಹೊಸ ಫೋಟೋದಲ್ಲಿ ಅದು ಇರಲಿಲ್ಲ. ಎರಡೂ ಫೋಟೋಗಳನ್ನು ಒಂದೇ ಅಳತೆಗೆ ತಂದು, ಗ್ಯಾಲರಿಯಲ್ಲಿ ಒಂದಾದ ಮೇಲೊಂದು ಬೆರಳಲ್ಲಿ ಸರಿಸಿ ನೋಡಿದೆ. ಈ ಉಪಾಯ ಯಾರು ಬೇಕಾದರೂ ಮಾಡಿ ನೋಡಬಹುದು, ಬದಲಾದದ್ದು ಕುಣಿದ ಹಾಗೆ ಕಾಣುತ್ತೆ. ಬದಲಾದದ್ದು ಬಟ್ಟೆ ಒಂದೇ ಅಲ್ಲ. ಕಾಲರ್ ಕೂರಿಸೋಕೆ ಆ್ಯಪು ಕತ್ತನ್ನು ಎರಡೂ ಕಡೆ ಸವರಿತ್ತು. ಗದ್ದದ ಕೆಳಗಿನ ನೆರಳು ಹೋಗಿ ಅಲ್ಲೊಂದು ನುಣುಪಾದ ಹೊಸ ಚರ್ಮ ಬಂದಿತ್ತು, ಮಚ್ಚೆ ಹೋದದ್ದೂ ಅಲ್ಲೇ. ದವಡೆಯ ಗೆರೆ ಒಂಚೂರು ಒಳಗೆ ಸರಿದಿತ್ತು. ಕೆನ್ನೆಯ ಮೇಲಿನ ಮೊಡವೆ ಕಲೆಗಳೂ ಮಾಯ. ಅದನ್ನು ನಾನು ಕೇಳಿಯೇ ಇರಲಿಲ್ಲ.

ದೊಡ್ಡದು ಮಾಡಿ ನೋಡಿದ ಮೇಲೆ ಇನ್ನೂ ನಾಚಿಕೆಯಾಯಿತು. ನನ್ನ ಮುಖಕ್ಕೆ ಬೆಳಕು ಎಡದಿಂದ ಬಿದ್ದಿದೆ, ಕೋಟಿಗೆ ಬಲದಿಂದ. ಕತ್ತು ಮತ್ತು ಕಾಲರ್ ಸೇರುವಲ್ಲಿ ಕೂದಲೆಳೆಯಷ್ಟು ದಪ್ಪದ ಬಿಳಿ ಗೆರೆ. ಮುಖ ಸ್ವಲ್ಪ ಮಸುಕು, ಕೋಟು ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ ಚುರುಕು. ದಿನಕ್ಕೆ ನೂರಾರು ಫೋಟೋ ನೋಡುವ ಕಣ್ಣಿಗೆ ಇದು ತಪ್ಪಿಸಿಕೊಳ್ಳುತ್ತಾ? ಕೆಲಸದಲ್ಲಿ ಜೊತೆಗಿರುವ ಒಬ್ಬರಿಗೆ ಹೀಗೇ ಆಗಿತ್ತಂತೆ. ಸ್ಟುಡಿಯೋದವರು ಅಂಟಿಸಿಕೊಟ್ಟ ಕೋಟಿನ ಫೋಟೋ ಆನ್‌ಲೈನಲ್ಲಿ ದಾಟಿತು, ಸಂದರ್ಶನದ ದಿನ ಕೌಂಟರಿನಲ್ಲಿ ಸಿಕ್ಕಿಬಿತ್ತು, ಬೇರೆ ಫೋಟೋ ತನ್ನಿ ಅಂದರು. ವೆಬ್‌ಸೈಟಿನ ಪರೀಕ್ಷೆ ಬರೀ ಮೊದಲ ಬಾಗಿಲು, ಫೋಟೋ ಆಗುತ್ತೋ ಇಲ್ಲವೋ ಅಂತ ಕೊನೆಗೆ ಹೇಳುವುದು ಅಲ್ಲಿನ ಅಧಿಕಾರಿಗಳೇ.

ಆಮೇಲೆ ಕೂತು ನಿಯಮ ಪೂರ್ತಿ ಓದಿದೆ. ಸಾಫ್ಟ್‌ವೇರ್, ಫೋನ್ ಆ್ಯಪ್, ಫಿಲ್ಟರ್ ಯಾವುದರಿಂದಲೂ ಫೋಟೋ ಬದಲಿಸಬೇಡಿ ಅಂತ ನೇರವಾಗೇ ಇದೆ. ಬಟ್ಟೆಗೆ ಅಂತ ವಿನಾಯಿತಿ ಏನೂ ಇಲ್ಲ. ಲೋಗೋ ಒಂದನ್ನೇ ಅಳಿಸುತ್ತೇನೆ ಅಂದರೂ ಅದು ಬದಲಾವಣೆಯೇ. ಹಿಂದಿನ ಗೋಡೆಯನ್ನು ಕತ್ತರಿಸಿ ಬಿಳಿ ತುಂಬುವುದೂ ಅಷ್ಟೇ, ಅದರಲ್ಲಿ ಕಿವಿಯ ಅಂಚು, ಕೂದಲ ತುದಿ ಹೋಗಿಬಿಡುತ್ತೆ. ಚರ್ಮ ನುಣುಪು ಮಾಡುವುದು, ಕಲೆ ತೆಗೆಯುವುದು, ಮುಖ ಸಣ್ಣ ಮಾಡುವುದು ಇವನ್ನಂತೂ ಕೇಳಲೇಬೇಡಿ. ಬ್ರಿಟನ್, ಕೆನಡಾದ ಪಾಸ್‌ಪೋರ್ಟ್ ನಿಯಮಗಳೂ ತಿದ್ದದ ಫೋಟೋನೇ ಕೇಳುತ್ತವೆ. ಕಾರಣ ಸುಲಭ. ಆ ಫೋಟೋವನ್ನು ಯಂತ್ರವೊಂದು ಎದುರಿಗೆ ನಿಂತ ಮುಖದ ಜೊತೆ ಹೋಲಿಸುತ್ತೆ. ಇಬ್ಬರ ಮುಖ ಬೆರೆಸಿ ಒಂದೇ ಫೋಟೋ ಮಾಡಿ ಒಂದೇ ಪಾಸ್‌ಪೋರ್ಟಿನಲ್ಲಿ ಇಬ್ಬರು ಓಡಾಡುವ ಮೋಸದ ಭಯವೂ ಇದೆ. ತಿದ್ದಿದ ಗುರುತು ಕಂಡರೆ, ತಿದ್ದಿದ್ದು ಕೋಟೋ ಮುಖವೋ ಅಂತ ವಿಚಾರಿಸುತ್ತಾ ಕೂರುವ ಪುರುಸೊತ್ತು ಯಾರಿಗಿದೆ?

ಮಾಡಬಹುದಾದದ್ದು ಬಹಳ ಕಡಿಮೆ. ಚೌಕಾಕಾರಕ್ಕೆ ಕತ್ತರಿಸಬಹುದು, ಅಳತೆ ಇಳಿಸಬಹುದು, ಫೈಲ್ ಗಾತ್ರ ಕಡಿಮೆ ಮಾಡಬಹುದು.

ನನಗೆ ನಗು ಬಂದದ್ದು ಇನ್ನೊಂದು ವಿಷಯಕ್ಕೆ. ಕೋಟು ಹಾಕಿ ಅಂತ ಆ ನಿಯಮದಲ್ಲಿ ಎಲ್ಲೂ ಇಲ್ಲ! ಕಾಲರ್ ಕೂಡ ಬೇಕಾಗಿಲ್ಲ. ಯೂನಿಫಾರ್ಮ್, ಯೂನಿಫಾರ್ಮ್ ಥರ ಕಾಣುವ ಬಟ್ಟೆ, ಸೈನಿಕರ ಮಚ್ಚೆ ಮಚ್ಚೆ ಬಟ್ಟೆ ಬೇಡ, ಅಷ್ಟೇ. ಧರ್ಮದ ಕಾರಣಕ್ಕೆ ದಿನಾ ಹಾಕುವ ಉಡುಪಿಗೆ ಅವಕಾಶ ಇದೆ, ತಲೆ ಮುಚ್ಚಿದ್ದರೆ ಮುಖ ಪೂರ್ತಿ ಕಾಣಬೇಕು, ನೆರಳು ಬೀಳಬಾರದು. ನಾನು ಸುಮ್ನೆ ಒಂದು ಟೀ ಶರ್ಟ್ ಹಾಕಿಕೊಂಡು ಗೋಡೆ ಮುಂದೆ ನಿಂತಿದ್ದರೆ ಮುಗಿದುಹೋಗುತ್ತಿತ್ತು.

ಹಾಗೇ ಮಾಡಿದೆವು. ಮೊದಲು ಬಿಳಿ ಅಂಗಿ ಹಾಕಿದೆ, ತಪ್ಪು. ಬಿಳಿ ಅಂಗಿಗೆ ಅಡ್ಡಿಯಿಲ್ಲ, ಆದರೆ ಬಿಳಿ ಗೋಡೆಯಲ್ಲಿ ಹೆಗಲು ಕರಗಿಹೋಗಿ ತಲೆ ಒಂದೇ ತೇಲುತ್ತಿತ್ತು. ಕಡುಹಸಿರು ಬಣ್ಣದ, ಏನೂ ಬರೆದಿಲ್ಲದ ಟೀ ಶರ್ಟ್ ಹಾಕಿದ ಮೇಲೆ ಅಂಚು ಸ್ಪಷ್ಟವಾಯಿತು. ಕತ್ತಿನ ಪಟ್ಟಿ ಗದ್ದಕ್ಕೆ ತಾಗುವಷ್ಟು ಮೇಲಿರಬಾರದು, ಕತ್ತರಿಸಿದ ಚೌಕದಲ್ಲಿ ಬಟ್ಟೆಯೇ ಕಾಣದಷ್ಟು ಕೆಳಗೂ ಬೇಡ. ಗೋಡೆಯ ಮೇಲೆ ನೆರಳು ಬೀಳದ ಹಾಗೆ ಎರಡು ಹೆಜ್ಜೆ ಮುಂದೆ, ಕಿಟಕಿಗೆ ಎದುರಾಗಿ ನಿಂತೆ. ಅಕ್ಕ ಹಿಂದಿನ ಕ್ಯಾಮೆರಾದಲ್ಲಿ, ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆದಳು. ಸೆಲ್ಫಿ ತೆಗೆದರೆ ಮೂಗು ದೊಡ್ಡದಾಗುತ್ತೆ. ಬ್ಯೂಟಿ ಮೋಡ್ ಆಫ್ ಮಾಡೋದು ಮರೆತು ಒಂದು ಸಲ ಎಲ್ಲಾ ಮತ್ತೆ ತೆಗೆಯಬೇಕಾಯಿತು. ಮಚ್ಚೆ ಇದೆಯಾ ಅಂತ ಪ್ರತಿ ಫೋಟೋದಲ್ಲೂ ನೋಡಿದೆವು.

ಕೊನೆಗೆ 1000 ಪಿಕ್ಸೆಲ್ ಚೌಕಕ್ಕೆ ಕತ್ತರಿಸಿದೆ. ನೆತ್ತಿಯಿಂದ ಗದ್ದದವರೆಗೆ ಸುಮಾರು 610 ಬಂತು, ಅಂದರೆ 61 ಪರ್ಸೆಂಟ್. 50ರಿಂದ 69ರ ಒಳಗಿರಬೇಕು, ಸರಿಯಾಯಿತು. ಫೈಲ್ ಮಾತ್ರ 240 ಕೆಬಿ ದಾಟಿತ್ತು, 800 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಒಳಗೆ ಬಂತು. 600ಕ್ಕಿಂತ ಕೆಳಗೆ ಹೋಗಬಾರದು. ಹಳೆಯದನ್ನು ತೆಗೆದು ಇದನ್ನು ಹಾಕಿ ಸಬ್ಮಿಟ್ ಒತ್ತಿದೆ, ಎರಡು ಇಂಚು ಚೌಕದ ಪ್ರಿಂಟು ಎರಡು ತೆಗೆಸಿ ಫೈಲಲ್ಲಿ ಇಟ್ಟುಕೊಂಡೆ.

ಸಂದರ್ಶನದ ದಿನ ಕೌಂಟರಿನವರು ಪರದೆ ನೋಡಿದರು, ನನ್ನ ಮುಖ ನೋಡಿದರು, ಬೆರಳು ಇಡಿ ಅಂದರು. ಫೋಟೋ ಬಗ್ಗೆ ಒಂದು ಮಾತೂ ಬರಲಿಲ್ಲ. ಆ ಕೋಟಿನ ಫೋಟೋನ ನಾನು ಅಳಿಸಿದೆ. ಅಕ್ಕ ಮಾತ್ರ ಅದನ್ನೇ ತನ್ನ ಫೋನಿನಲ್ಲಿ ನನ್ನ ನಂಬರಿಗೆ ಹಾಕಿಕೊಂಡಿದ್ದಾಳೆ, ನಾನು ಫೋನ್ ಮಾಡಿದಾಗೆಲ್ಲ "ಡೈರೆಕ್ಟರ್ ಸಾಹೇಬರು" ಅಂತಲೇ ಎತ್ತುತ್ತಾಳೆ.