ಕರಪತ್ರದಿಂದ ‘ಮೌಲ್ಯ’ ಎಂಬ ಪದ ತೆಗೆದ ದಿನ

18 ಜನವರಿ 2025, ಶನಿವಾರ
ತಿಪಟೂರು

ಬೆಳಗಿನ ಶಾಲೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲೇ ಉಳಿದು ಈ ವರ್ಷದ ದಾಖಲಾತಿ ಕರಪತ್ರ ಬರೆದೆ. ಏಳುವಾಗ ಸಂಜೆ ಐದಾಗಿತ್ತು. ಗಣರಾಜ್ಯೋತ್ಸವಕ್ಕೆ ಬರುವ ಪೋಷಕರ ಕೈಗೆ ಸಿಗಬೇಕು, ಸೋಮವಾರವೇ ಪ್ರೆಸ್ಸಿಗೆ ಮ್ಯಾಟರ್ ಹೋಗಬೇಕು ಎಂದು ಹೆಡ್‌ಮಾಸ್ಟರ್ ಹೇಳಿದ್ದಾರೆ.

ಹೋದ ವರ್ಷದ ಕರಪತ್ರವನ್ನು ಎದುರಿಗೆ ಇಟ್ಟುಕೊಂಡೆ. ‘ಗುಣಮಟ್ಟದ ಶಿಕ್ಷಣ, ಮೌಲ್ಯಾಧಾರಿತ ಬೋಧನೆ, ಸರ್ವತೋಮುಖ ಬೆಳವಣಿಗೆ, ನುರಿತ ಶಿಕ್ಷಕ ವೃಂದ.’ ಮೇಲಿದ್ದ ಶಾಲೆಯ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಮತ್ತೆ ಓದಿದೆ. ತಾಲ್ಲೂಕಿನ ಯಾವ ಶಾಲೆಯದ್ದಾದರೂ ಆಗಬಹುದಿತ್ತು. ಒಂದನೆಯಿಂದ ಹತ್ತರವರೆಗೆ ತರಗತಿಗೊಂದೇ ವಿಭಾಗ ಇರುವ ಶಾಲೆ ನಮ್ಮದು. ದೊಡ್ಡ ಕಟ್ಟಡ, ಈಜುಕೊಳ ತೋರಿಸಿ ಮಕ್ಕಳನ್ನು ಕರೆಯುವ ಹಾಗಿಲ್ಲ. ನಮ್ಮ ಹತ್ತಿರ ಇರುವುದನ್ನು ಸರಿಯಾಗಿ ಹೇಳಲೇಬೇಕು.

ಅದಕ್ಕೇ ಮೊದಲು ಆಫೀಸಿನ ವಿಚಾರಣೆ ಪುಸ್ತಕ ತರಿಸಿಕೊಂಡೆ. ಫೋನ್ ಮಾಡಿದವರು, ಗೇಟಿನ ಹತ್ತಿರ ಬಂದು ಕೇಳಿದವರು ಏನು ಕೇಳಿದರು ಎಂಬುದನ್ನು ನಮ್ಮ ಕ್ಲರ್ಕ್ ಅಕ್ಕ ಅವರ ಮಾತಿನಲ್ಲೇ ಬರೆದಿಡುತ್ತಾರೆ. ಫೀಸು, ವ್ಯಾನು, ಇಂಗ್ಲಿಷ್ ಮಾತು, ಇವು ಎಲ್ಲ ಪುಟದಲ್ಲೂ ಇವೆ. ‘ಮೌಲ್ಯ’ ಎಂಬ ಪದ ಒಬ್ಬರ ಬಾಯಲ್ಲೂ ಬಂದಿಲ್ಲ. ಆದರೆ ‘ಹೊಡೀತೀರಾ?’ ಎಂದು ಕೇಳಿದ್ದಾರೆ. ‘ನಮ್ಮ ಹುಡುಗ ಓದೋದ್ರಲ್ಲಿ ಸ್ವಲ್ಪ ನಿಧಾನ, ಹಿಂದಿನ ಬೆಂಚಿಗೆ ಹಾಕಿಬಿಡ್ತೀರಾ?’ ಎಂದು ಕೇಳಿದ್ದಾರೆ. ‘ಅಲ್ಲಿ ಬರೀ ಮಾರ್ಕ್ಸ್ ಮಾರ್ಕ್ಸ್ ಅಂತಾರೆ, ಮಗು ಸುಳ್ಳು ಹೇಳೋದು ಕಲಿತಿದೆ’ ಎಂದು ಒಬ್ಬ ತಾಯಿ ಹೇಳಿದ್ದು ಹಾಗೇ ದಾಖಲಾಗಿದೆ. ಪೋಷಕರ ಭಾಷೆಯಲ್ಲಿ ಮೌಲ್ಯ ಅಂದರೆ ಇದು. ಆ ಪದವನ್ನು ಕರಪತ್ರದಿಂದ ತೆಗೆದು, ಅದರ ಜಾಗದಲ್ಲಿ ಈ ತಾಯಿಗೊಂದು ಉತ್ತರ ಹಾಕಬೇಕು ಎಂದು ನಿರ್ಧಾರ ಮಾಡಿದೆ.

ಉತ್ತರ ನಮ್ಮ ಗಣಿತದ ಮೇಷ್ಟ್ರ ತರಗತಿಯಲ್ಲೇ ಇತ್ತು. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಅವರು ಪ್ರತಿ ಪ್ರಶ್ನೆಯ ಪಕ್ಕ ಅಂಕ ಹಾಕುತ್ತಾರೆ, ಒಟ್ಟು ಬರೆಯುವುದಿಲ್ಲ. ಪತ್ರಿಕೆ ಮಕ್ಕಳ ಕೈಗೆ ಹೋಗುತ್ತದೆ, ಮಗುವೇ ಒಂದೊಂದು ಉತ್ತರವನ್ನೂ ಮತ್ತೆ ನೋಡಿ, ಅಂಕ ಕೂಡಿ, ಒಟ್ಟು ಬರೆದು ಸಹಿ ಹಾಕಿ ಕೊಡಬೇಕು. ಹೋದ ತಿಂಗಳು ಏಳನೇ ತರಗತಿಯ ಹುಡುಗಿಯೊಬ್ಬಳಿಗೆ 25ಕ್ಕೆ 21 ಬಂದಿತ್ತು. ‘ಸಾರ್, ನಾಲ್ಕನೇ ಲೆಕ್ಕ ತಪ್ಪಾಗಿದೆ, ನೀವು ರೈಟ್ ಹಾಕಿದ್ದೀರಿ’ ಎಂದು ತಾನೇ ತಂದು ತೋರಿಸಿದಳು. ಎರಡು ಅಂಕ ಹೋಗಿ 19 ಆಯಿತು. ಮೆಚ್ಚಿ ಆ ಎರಡನ್ನು ಬಿಟ್ಟುಕೊಡಲಿಲ್ಲ ಮೇಷ್ಟ್ರು. ಬಿಟ್ಟುಕೊಟ್ಟರೆ ಮುಂದಿನ ಸಲ ಮಕ್ಕಳು ಅಂಕ ಉಳಿಸಿಕೊಳ್ಳೋಕೆ ನಿಜ ಹೇಳ್ತಾರೆ ಅನ್ನುವುದು ಅವರ ವಾದ. ಇದರಲ್ಲಿ ಓದೂ ಇದೆ: ಅಂಕ ಎಲ್ಲಿ ಹೋಯಿತು ಎಂದು ಮಗು ಕೂತು ಹುಡುಕುತ್ತದೆ. ಒಟ್ಟು ಬರೆದೇ ಕೊಟ್ಟ ಪತ್ರಿಕೆಯಾದರೆ ಮೇಲಿನ ಸಂಖ್ಯೆ ನೋಡಿ ಬ್ಯಾಗಿಗೆ ಸೇರಿಸಿಬಿಡುತ್ತದೆ.

ಇದು ನಡೆಯುವುದಕ್ಕೆ ಒಂದು ಷರತ್ತಿದೆ. ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಒಂದು ಸಲ ಮೇಷ್ಟ್ರು ರಜೆಯಲ್ಲಿದ್ದಾಗ ಅವರ ಬದಲು ಹೋದವರು ಎಲ್ಲರ ಅಂಕ ಓದಿ, ಮೊದಲಿನ ಮೂವರಿಗೆ ಚಪ್ಪಾಳೆ ಹೊಡೆಸಿದ್ದರು. ಮುಂದಿನ ಪರೀಕ್ಷೆಯಲ್ಲಿ ಆ ತರಗತಿಯಿಂದ ಒಂದು ಮಗುವೂ ‘ಹೆಚ್ಚು ಬಂದಿದೆ’ ಎಂದು ಪತ್ರಿಕೆ ತರಲಿಲ್ಲ. ಮೇಷ್ಟ್ರು ಮರುಎಣಿಕೆ ಮಾಡಿದಾಗಲೇ ಗೊತ್ತಾಗಿದ್ದು.

ಹಾಗಾಗಿ ಕರಪತ್ರದ ಮೊದಲ ಸಾಲು ಹೀಗಿದೆ: ‘ನಮ್ಮಲ್ಲಿ ಪರೀಕ್ಷೆಯ ಅಂಕ ಕೂಡುವುದು ಮಕ್ಕಳೇ. ಹೆಚ್ಚು ಬಂದಿದ್ದರೂ ಅವರೇ ಹೇಳುತ್ತಾರೆ.’ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗಲೂ ಇದೇ ಮೇಲೆ ಇರಬೇಕು. ಉದ್ದ ಸಂದೇಶದ ಉಳಿದ ಭಾಗ ಮಡಚಿಕೊಳ್ಳುತ್ತದೆ, ಯಾರೂ ಒತ್ತಿ ಬಿಡಿಸುವುದಿಲ್ಲ.

ಮಧ್ಯಾಹ್ನವಿಡೀ ತಿಂದದ್ದು ಫಲಿತಾಂಶದ ಸಾಲು.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಬಂದು, ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದಿತ್ತು. ನಮ್ಮಲ್ಲಿ ಬರೆದವರು 14 ಮಕ್ಕಳು. ಗಣಿತದಲ್ಲಿ ಒಬ್ಬ ಹುಡುಗ ಉಳಿದುಕೊಂಡ. ಜೂನ್‌ನಲ್ಲಿ ಪರೀಕ್ಷೆ-2 ಬರೆದು ಪಾಸಾದ. ಶೇಕಡಾ ಲೆಕ್ಕದಲ್ಲಿ ಹೇಳಿದರೆ ಮೊದಲ ಪರೀಕ್ಷೆಗೆ 92.86. ಹದಿನಾಲ್ಕು ಮಕ್ಕಳಿರುವ ಕಡೆ ಒಂದು ಮಗು ಅಂದರೆ ಶೇಕಡಾ ಏಳು, ಅಲ್ಲಿ ದಶಾಂಶ ಹಾಕಿ ಬರೆಯುವುದೇ ತಪ್ಪು ಚಿತ್ರ ಕೊಡುತ್ತದೆ.

‘ಶೇ. 100’ ಎಂದು ಫ್ಲೆಕ್ಸ್ ಹಾಕಿಸುವುದು ಎಷ್ಟು ಸುಲಭ ಎಂದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಹಿಂದುಳಿದ ಮಕ್ಕಳನ್ನು ಒಂಬತ್ತರಲ್ಲೇ ನಿಲ್ಲಿಸಿದರೆ, ಇಲ್ಲವೇ ಟಿ.ಸಿ. ಕೊಟ್ಟು ಕಳಿಸಿದರೆ, ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಕೂರಿಸಿದರೆ ಆಯಿತು. ಆದ್ದರಿಂದ ಪೋಷಕರು ಕೇಳಬೇಕಾದ ಸಂಖ್ಯೆ ಬೇರೆ: ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕೂತರು? ನಮ್ಮಲ್ಲಿ 16 ಮಂದಿ ಇದ್ದರು. ಇಬ್ಬರ ಮನೆಯವರು ಊರು ಬಿಟ್ಟರು, ಉಳಿದ 14 ಮಕ್ಕಳೂ ಕೂತರು. ಇದನ್ನು ಕರಪತ್ರದಲ್ಲಿ ಬರೆದೆ.

ಆಮೇಲೆ ‘14ರಲ್ಲಿ 13 ಮಂದಿ ತೇರ್ಗಡೆ, ಒಬ್ಬ ಮರುಪರೀಕ್ಷೆಯಲ್ಲಿ’ ಎಂದು ಬರೆದು ಹೆಡ್‌ಮಾಸ್ಟರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟೀಚರ್, ಆ ಒಬ್ಬ ಯಾರು ಅಂತ ಇಡೀ ಬೀದಿಗೇ ಗೊತ್ತಲ್ಲ’ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ನಾಲ್ಕು ನೂರು ಮಕ್ಕಳು ಬರೆಯುವ ಶಾಲೆಯಲ್ಲಿ ‘ಒಬ್ಬ’ ಎಂದರೆ ಸಂಖ್ಯೆ. ನಮ್ಮಲ್ಲಿ ಅದು ಒಂದು ಮುಖ. ಹೆಸರು, ಫೋಟೊ ಹಾಕದಿದ್ದರೂ ಹುಡುಗನನ್ನು ಪೇಪರಿನ ಜೊತೆ ಮನೆಮನೆಗೆ ಹಂಚಿದ ಹಾಗಾಗುತ್ತಿತ್ತು.

ನಾಲ್ಕು ಸಲ ತಿದ್ದಿದೆ. ಕೊನೆಗೆ ನಿಂತದ್ದು ಇದು: ‘ಎಂಟನೇ ತರಗತಿಯಲ್ಲಿದ್ದ 16 ಮಕ್ಕಳಲ್ಲಿ ಇಬ್ಬರು ಊರು ಬದಲಿಸಿದರು. ಉಳಿದ 14 ಮಕ್ಕಳೂ ಎಸ್ಸೆಸ್ಸೆಲ್ಸಿ ಬರೆದರು. ಜೂನ್ ತಿಂಗಳ ಎರಡನೇ ಪರೀಕ್ಷೆ ಮುಗಿಯುವ ಹೊತ್ತಿಗೆ 14 ಮಕ್ಕಳೂ ತೇರ್ಗಡೆಯಾದರು.’ ಎರಡನೇ ಪರೀಕ್ಷೆಯನ್ನು ಮುಚ್ಚಿಟ್ಟಿಲ್ಲ, ಯಾರನ್ನೂ ಬೊಟ್ಟು ಮಾಡಿಯೂ ತೋರಿಸಿಲ್ಲ.

ಟ್ರಸ್ಟಿನ ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಎಲ್ಲರೂ ನೂರಕ್ಕೆ ನೂರು ಅಂತ ಹಾಕುವಾಗ ನಾವು ಎರಡನೇ ಪರೀಕ್ಷೆಯ ಮಾತು ಎತ್ತಬೇಕಾ ಎಂದು ಅವರಿಗೆ ಅಳುಕು. ‘ಪ್ರವೇಶ ಪರೀಕ್ಷೆ ಮೂಲಕ ಆಯ್ಕೆ’ ಎಂದು ಸೇರಿಸಿದರೆ ತೂಕ ಬರುತ್ತದೆ ಎಂದೂ ಹೇಳಿದರು. ಅದನ್ನು ಮಾತ್ರ ಖಂಡಿತ ಬೇಡವೆಂದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಒಂದರಿಂದ ಎಂಟರವರೆಗಿನ ದಾಖಲಾತಿಗೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ. ಅಚ್ಚಾದ ಕರಪತ್ರವೇ ಸಾಕ್ಷಿಯಾಗುತ್ತದೆ. ಅವರು ಒಪ್ಪಿದರು. ಫಲಿತಾಂಶದ ಸಾಲಿಗೆ ‘ನಿಮ್ಮ ಹೆಡ್‌ಮಾಸ್ಟರ್ ಹೇಳಿದ ಹಾಗೆ ಆಗಲಿ’ ಎಂದರು.

ಮನೆಗೆ ಬಂದ ಮೇಲೂ ಸಮಾಧಾನವಿರಲಿಲ್ಲ. ಆ ಹುಡುಗನ ತಾಯಿಗೆ ಫೋನ್ ಮಾಡಿ ಮೂರು ವಾಕ್ಯಗಳನ್ನೂ ಓದಿದೆ. ‘ಇನ್ನೊಂದ್ಸಲ ಓದಿ ಟೀಚರ್’ ಎಂದರು. ಓದಿದೆ. ‘ಹಾಕಿ. ಹದಿನಾಲ್ಕರಲ್ಲಿ ಅವನೂ ಇದ್ದಾನಲ್ಲ’ ಎಂದರು.

ಸೋಮವಾರ ಬೆಳಿಗ್ಗೆ ಫೀಸಿನ ಪಟ್ಟಿ, ವ್ಯಾನ್ ಹೋಗುವ ಹಳ್ಳಿಗಳ ಹೆಸರು ಕ್ಲರ್ಕ್ ಅಕ್ಕನಿಂದ ತೆಗೆದುಕೊಂಡು ಹಿಂಬದಿಗೆ ಸೇರಿಸಬೇಕು. ಪುಸ್ತಕ, ಸಮವಸ್ತ್ರ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಎಂಬುದು ಒಂದೇ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ.