ಚಾಚಿದ ಕಿವಿ, ದಟ್ಟ ಕೂದಲು: ಸೈಡ್‌ನಲ್ಲಿ ಎಷ್ಟು ಉಳಿಸಬೇಕು

ಕಿವಿ ಹೊರಗೆ ಚಾಚಿಕೊಂಡಿರುವ, ಕೂದಲು ದಟ್ಟವಾಗಿರುವ ಗಿರಾಕಿ ಕುರ್ಚಿಯಲ್ಲಿ ಕೂತರೆ ಹೆಚ್ಚಾಗಿ ಒಂದೇ ಮಾತು ಬರುತ್ತದೆ: "ಅಣ್ಣ, ಸೈಡ್ ಫುಲ್ ಶಾರ್ಟ್ ಮಾಡಿ, ತುಂಬಾ ಉಬ್ಬುತ್ತೆ." ಮೆಷಿನ್‌ಗೆ ನಂಬರ್ 1 ಹಾಕಿ ಹೊಡೆದುಬಿಡುವುದು ಸುಲಭ. ಉಬ್ಬು ಹೋಗುತ್ತದೆ, ಅದು ನಿಜ. ಆದರೆ ಮೈಮೇಲಿನ ಬಟ್ಟೆ ತೆಗೆದು ಅವರು ಎದ್ದು ನಿಂತಾಗ ಕನ್ನಡಿಯಲ್ಲಿ ಮೊದಲು ಕಾಣುವುದು ಕಿವಿ. ಅರ್ಧ ಗಂಟೆ ಹಿಂದೆ ಇದ್ದಷ್ಟೇ ಕಿವಿ, ಈಗ ದೊಡ್ಡದಾಗಿ ಕಾಣುತ್ತದೆ.

ಕಾರಣ ಸರಳ. ಕಿವಿ ಎಷ್ಟು ಹೊರಗಿದೆ ಎಂಬುದನ್ನು ಕಣ್ಣು ಬುರುಡೆಯಿಂದ ಅಳೆಯುವುದಿಲ್ಲ, ಕೂದಲಿನ ಹೊರಮೈಯಿಂದ ಅಳೆಯುತ್ತದೆ. ಕಿವಿಯ ಅಂಚು ತಲೆಯಿಂದ 24 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಸೈಡ್‌ನಲ್ಲಿ ನಂಬರ್ 1 ಹೊಡೆದರೆ ಉಳಿಯುವ ಕೂದಲು 3 ಮಿ.ಮೀ., ಅಂದರೆ 21 ಮಿ.ಮೀ. ಕಿವಿ ಹೊರಗೆ ನಿಂತಂತೆ ಕಾಣುತ್ತದೆ. ಅದೇ ಜಾಗದಲ್ಲಿ 18 ಮಿ.ಮೀ. ಕೂದಲು ಬಿಟ್ಟರೆ ಅದು ಸ್ವಲ್ಪ ವಾಲಿ ಸುಮಾರು 12 ಮಿ.ಮೀ. ದಪ್ಪದ ಪದರವಾಗಿ ನಿಲ್ಲುತ್ತದೆ. ಈಗ ಹೊರಗೆ ಕಾಣುವ ಕಿವಿ ಹೆಚ್ಚುಕಡಿಮೆ ಅರ್ಧ. ಜೊತೆಗೆ ಕಿವಿಯ ಮೇಲ್ತುದಿಗೂ ತಲೆಗೂ ನಡುವಿನ ಸಂದಿನಲ್ಲಿ ಬೋಳು ಚರ್ಮದ ಬದಲು ಕಪ್ಪು ಕೂದಲು ತುಂಬಿಕೊಳ್ಳುತ್ತದೆ, ಕಿವಿಯ ಅಂಚು ಎದ್ದು ಕಾಣುವುದಿಲ್ಲ.

ತೆಳ್ಳಗಿನ ಕೂದಲಿನವರಿಗೆ ಇದನ್ನು ಮಾಡುವುದು ಕಷ್ಟ. ಅವರ 18 ಮಿ.ಮೀ. ಕೂದಲು ತಲೆಗೆ ಅಂಟಿಕೊಂಡು ಮಲಗುತ್ತದೆ, ದಪ್ಪ ಸಿಗುವುದಿಲ್ಲ. ದಟ್ಟವಾಗಿ, ಒರಟಾಗಿ ಹೊರಕ್ಕೆ ನಿಲ್ಲುವ ಕೂದಲೇ ಇಲ್ಲಿ ಕೈಗೆ ಸಿಕ್ಕ ಸಾಮಾನು. ಗಿರಾಕಿ ದೂರುವ ಆ ಉಬ್ಬನ್ನು ಪೂರ್ತಿ ತೆಗೆದುಹಾಕುವುದು ಕೆಲಸವಲ್ಲ. ಬೇಕಾದ ಕಡೆ ಉಳಿಸಿ, ಬೇಡದ ಕಡೆ ಇಳಿಸುವುದು ಕೆಲಸ. ಬೇಕಾದ ಕಡೆ ಎಂದರೆ ಕಿವಿಯ ಮೇಲೆ ಎರಡು ಬೆರಳಗಲ ಮತ್ತು ಕಿವಿಯ ಹಿಂದಿನ ಭಾಗ. ಬೇಡದ ಕಡೆ ಎಂದರೆ ಅದಕ್ಕೂ ಮೇಲೆ, ತಲೆ ಪಕ್ಕದಿಂದ ನೆತ್ತಿಯ ಕಡೆಗೆ ತಿರುಗುವ ಏಣು.

ಒಂದು ತಲೆಯನ್ನೇ ಇಟ್ಟುಕೊಂಡು ನೋಡೋಣ. ನೇರವಾದ, ಒರಟು, ತುಂಬಾ ದಟ್ಟ ಕೂದಲು. ಎಡಗಿವಿ 22 ಮಿ.ಮೀ., ಬಲಗಿವಿ 26 ಮಿ.ಮೀ. ಚಾಚಿದೆ. ಎರಡೂ ಕಿವಿ ಒಂದೇ ಅಳತೆ ಇರುವವರು ಕಡಿಮೆ, ಹಾಗಾಗಿ ನೋಡದೆ ಶುರು ಮಾಡಬಾರದು. ಕಿವಿಯ ಹಿಂದಿನ ಎಲುಬಿಗೆ ಚಿಕ್ಕ ಸ್ಕೇಲಿನ ತುದಿ ತಾಗಿಸಿ ಕಿವಿಯ ಹೊರ ಅಂಚಿನವರೆಗೆ ಓದಿದರೆ ಸಾಕು. ಇವರು ಕನ್ನಡಕ ಹಾಕುತ್ತಾರೆ. ಕನ್ನಡಕ ತೆಗೆಸುವ ಮೊದಲು ಎದುರಿನಿಂದ ಒಮ್ಮೆ ನೋಡಬೇಕು, ಕಡ್ಡಿ ಬಿಗಿಯಾಗಿದ್ದರೆ ಕಿವಿಯ ಮೇಲ್ಭಾಗವನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತಿರುತ್ತದೆ. ನೀರು ಹಾಕುವ ಮುಂಚೆಯೇ ಕೂದಲು ಯಾವ ಕಡೆಗೆ ಬೀಳುತ್ತದೆ, ಸುಳಿ ಎಲ್ಲಿದೆ ನೋಡಿಕೊಳ್ಳಬೇಕು. ಒದ್ದೆಯಾದ ಮೇಲೆ ಒರಟು ಕೂದಲು ಸಾಧುವಾಗಿ ಮಲಗಿ ಸುಳ್ಳು ಹೇಳುತ್ತದೆ.

ಮೊದಲು ಸೈಡ್. ನಂಬರ್ 6 ಗಾರ್ಡ್, ಅಂದರೆ 19 ಮಿ.ಮೀ., ಹಾಕಿ ಕೆಳಗಿನಿಂದ ಕಿವಿಯ ಮೇಲೆ ಎರಡು ಬೆರಳಿನವರೆಗೆ ಮಾತ್ರ ಮೆಷಿನ್ ಓಡಿಸಿ, ಅಲ್ಲಿಂದ ಮೆಷಿನ್ ಅನ್ನು ಹೊರಕ್ಕೆ ಎತ್ತಿಬಿಡುವುದು. ತಲೆಯ ಗುಂಡನ್ನು ಅನುಸರಿಸಿ ಮೇಲಕ್ಕೆ ಹೋಗಬಾರದು. ಸೆಟ್‌ನಲ್ಲಿ ನಂಬರ್ 4, ಅಂದರೆ 13 ಮಿ.ಮೀ.ವರೆಗೆ ಮಾತ್ರ ಗಾರ್ಡ್ ಇದ್ದರೆ ಅದನ್ನು ಬಳಸುವ ಬದಲು ಬಾಚಣಿಗೆ ಹಿಡಿದು ಕತ್ತರಿಯಲ್ಲೇ ಮಾಡುವುದು ಮೇಲು, ಆ 6 ಮಿ.ಮೀ. ವ್ಯತ್ಯಾಸ ಇಲ್ಲಿ ಕಣ್ಣಿಗೆ ಬೀಳುತ್ತದೆ. ಮೇಲಿನ ಏಣಿನ ಹತ್ತಿರ ಬಾಚಣಿಗೆಯನ್ನು ತಲೆಗೆ ಒರಗಿಸದೆ ನೆಟ್ಟಗೆ ಹಿಡಿದು 3 ಸೆಂ.ಮೀ. ಸುಮಾರಿಗೆ ಕತ್ತರಿಸಿದರೆ, ಎದುರಿನಿಂದ ನೋಡಿದಾಗ ಸೈಡ್ ಗೋಡೆಯಂತೆ ನೇರವಾಗಿ ಮೇಲೇರುತ್ತದೆ. ಅಲ್ಲಿ ಗುಂಡಗೆ ಕೆತ್ತಿಬಿಟ್ಟರೆ ತಲೆ ಮೇಲೆ ಕಿರಿದಾಗಿ, ಅತ್ಯಂತ ಅಗಲದ ಜಾಗ ಕಿವಿಯೇ ಆಗುತ್ತದೆ. ಬಲಗಡೆ ಕಿವಿಯ ಸುತ್ತ 2-3 ಮಿ.ಮೀ. ಹೆಚ್ಚು ಬಿಡಬೇಕು, ಅದಕ್ಕೆ ಗಾರ್ಡ್ ಬೇಡ, ಕತ್ತರಿ ಸಾಕು. ಎರಡು ಕಡೆಯ ಕೂದಲಿನ ಉದ್ದ ಸಮ ಆಗಬೇಕಿಲ್ಲ, ಕನ್ನಡಿಯಲ್ಲಿ ಎರಡು ಕಡೆ ಕಾಣುವ ಕಿವಿ ಸಮ ಆಗಬೇಕು.

ಮೇಲ್ಗಡೆ ಮುಂದೆ 6 ರಿಂದ 7 ಸೆಂ.ಮೀ., ಸುಳಿಯ ಹತ್ತಿರ 4 ಸೆಂ.ಮೀ. ಮುಂಭಾಗದಲ್ಲಿ ಒಂದಿಷ್ಟು ಎತ್ತರ ಇದ್ದರೆ ನೋಟ ಕಿವಿಯ ಮಟ್ಟದಲ್ಲಿ ನಿಲ್ಲದೆ ಮೇಲೆ ಹೋಗುತ್ತದೆ. ಮುಖ ಮೊದಲೇ ಉದ್ದವಾಗಿದ್ದರೆ ಒಂದೆರಡು ಸೆಂ.ಮೀ. ಕಡಿಮೆ ಮಾಡಿ ಪಕ್ಕಕ್ಕೆ ಬಾಚುವುದು.

ಇನ್ನು ಕಿವಿಯ ಸುತ್ತ. ಈ ಕಟಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಅಭ್ಯಾಸದಂತೆ ಕಿವಿಯನ್ನು ಬೆರಳಿನಿಂದ ಮಡಿಚಿ ಹಿಡಿದು, ಒದ್ದೆ ಕೂದಲನ್ನು ಬಿಗಿಯಾಗಿ ಕೆಳಕ್ಕೆ ಬಾಚಿ, ಅಂಚಿಗೆ ಸರಿಯಾಗಿ ಕತ್ತರಿಸುತ್ತೇವೆ. ಕೈ ಬಿಟ್ಟ ಕೂಡಲೆ ಚಾಚಿದ ಕಿವಿ ವಾಪಸ್ ಬಂದು ಕೂದಲನ್ನು ಮೇಲಕ್ಕೆ ನೂಕುತ್ತದೆ, ಒಣಗಿದ ಮೇಲೆ ಒರಟು ಕೂದಲು ಇನ್ನಷ್ಟು ಎದ್ದು ನಿಲ್ಲುತ್ತದೆ. ಕಿವಿಗೂ ಕೂದಲಿಗೂ ನಡುವೆ ಬೆರಳಗಲ ಬೋಳು ಪಟ್ಟಿ ಉಳಿಯುತ್ತದೆ. ಅದನ್ನು ತಿದ್ದಲು ಆಗುವುದಿಲ್ಲ, ಬೆಳೆಯುವವರೆಗೆ ಕಾಯಬೇಕು. ಆದ್ದರಿಂದ ಒದ್ದೆಯಲ್ಲಿ ಕತ್ತರಿಸುವಾಗ ಅಂಚಿನಲ್ಲಿ ಸುಮಾರು 1 ಸೆಂ.ಮೀ. ಹೆಚ್ಚು ಬಿಟ್ಟು, ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ, ಕಿವಿ ಮುಟ್ಟದೆ ಅದರ ಸಹಜ ಜಾಗದಲ್ಲೇ ಇರಲು ಬಿಟ್ಟು, ಕತ್ತರಿಯ ತುದಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಕೂದಲು ಕಿವಿಯ ಬುಡಕ್ಕೆ ತಾಗಿದಂತೆ ನಿಂತರೆ ಸರಿ. ಟ್ರಿಮ್ಮರ್‌ನಿಂದ ಕಿವಿಯ ಮೇಲೆ ದೊಡ್ಡ ಕಮಾನು ಬರೆಯುವುದು ಈ ತಲೆಗೆ ಬೇಡವೇ ಬೇಡ, ಅದು ಕಿವಿಯ ಸುತ್ತ ಗೆರೆ ಎಳೆದು ತೋರಿಸಿದ ಹಾಗೆ. ಚರ್ಮದ ಮೇಲೆ ಬಿದ್ದಿರುವ ಪುಡಿಗೂದಲನ್ನಷ್ಟೇ ತೆಗೆದರೆ ಸಾಕು.

ಕಟಿಂಗ್ ಅಚ್ಚುಕಟ್ಟಾಗಿ ಕಾಣಬೇಕಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಕುತ್ತಿಗೆ ಇದೆ, ಸೈಡ್‌ಲಾಕ್‌ನ ತುದಿ ಇದೆ. ಕುತ್ತಿಗೆಯಲ್ಲಿ ಕೆಳಗಿನ 2 ಸೆಂ.ಮೀ. ನಂಬರ್ 2ರಿಂದ ಶುರು ಮಾಡಿ ನಂಬರ್ 4ಕ್ಕೆ ಬೆರೆಸಿ, ಕಿವಿಯ ಹಿಂದೆ ಬರುವಷ್ಟರಲ್ಲಿ ನಿಲ್ಲಿಸಿ. ಕಿವಿಯ ಹಿಂದಿನ ಕೂದಲು ಎದುರಿನಿಂದ ನೋಡುವವರಿಗೆ ಕಿವಿಯ ಹಿನ್ನೆಲೆ, ಅದು ಕಪ್ಪಾಗಿಯೇ ಇರಲಿ. ಸೈಡ್‌ಲಾಕ್ ಕಿವಿಯ ನಡುಮಟ್ಟದವರೆಗಾದರೂ ಇರಬೇಕು, ತುದಿಯನ್ನು ಮಾತ್ರ ಸ್ವಲ್ಪ ಇಳಿಸಬೇಕು. ಗಡ್ಡ ಇದ್ದವರಿಗೆ ಅದನ್ನು ಗಡ್ಡಕ್ಕೆ ಸೇರಿಸಿಬಿಟ್ಟರೆ ಕಿವಿಯ ಮುಂದೆಯೂ ಕಪ್ಪು ಮುಂದುವರಿದು ತುಂಬಾ ಚೆನ್ನಾಗಿ ಕಾಣುತ್ತದೆ.

ಥಿನ್ನಿಂಗ್ ಕತ್ತರಿ ಬಗ್ಗೆ ಒಂದು ಮಾತು. ದಟ್ಟ ಕೂದಲು ಕಂಡ ತಕ್ಷಣ ಅದನ್ನೇ ಎತ್ತಿಕೊಳ್ಳುತ್ತೇವೆ. ಬುಡದ ಹತ್ತಿರ ಹಾಕಿದರೆ ಆ ದಿನ ಮೆತ್ತಗಾಗುತ್ತದೆ, ಎರಡು ಮೂರು ವಾರಕ್ಕೆ ಆ ಗಿಡ್ಡ ಕೂದಲುಗಳೇ ಕಡ್ಡಿಯ ಹಾಗೆ ಬೆಳೆದು ಮೇಲಿನ ಉದ್ದ ಕೂದಲನ್ನು ಎತ್ತಿ ನಿಲ್ಲಿಸುತ್ತವೆ. ಮೊದಲಿಗಿಂತ ಹೆಚ್ಚು ಉಬ್ಬು. ಮೇಲಿನ ಏಣಿನ ಜಾಗದಲ್ಲಿ, ಉದ್ದದ ಮಧ್ಯದಿಂದ ತುದಿಯ ಕಡೆಗೆ ಮಾತ್ರ, ಒಂದು ಹಿಡಿಗೆ ಎರಡು ಸಲಕ್ಕಿಂತ ಹೆಚ್ಚಿಲ್ಲದಂತೆ ಹಾಕಬೇಕು. ಕಿವಿಯ ಮೇಲಿನ ಎರಡು ಬೆರಳಗಲಕ್ಕೆ ಥಿನ್ನಿಂಗ್ ಬೇಡ. ಅಲ್ಲಿನ ದಪ್ಪವನ್ನು ಉಳಿಸಲೆಂದೇ ಇಷ್ಟು ಕಷ್ಟಪಟ್ಟದ್ದು.

ಮುಗಿದ ಮೇಲೆ ಗಿರಾಕಿಯನ್ನು ಎಬ್ಬಿಸಿ, ಕನ್ನಡಕ ಹಾಕಿಸಿ, ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ನೋಡಬೇಕು. ಕುರ್ಚಿಯಲ್ಲಿ ಕೂತವರನ್ನು ನಾವು ಮೇಲಿನಿಂದಲೂ ಪಕ್ಕದಿಂದಲೂ ನೋಡುತ್ತಿರುತ್ತೇವೆ. ಚಾಚಿದ ಕಿವಿ ಕಾಣುವುದು ಎದುರಿನಿಂದ. ಕಿವಿಯ ಮೇಲೆ ಕೂದಲು ಸೂರಿನ ಹಾಗೆ ಮುಂದೆ ಬಂದಿದ್ದರೆ ಹೆಚ್ಚು ಬಿಟ್ಟಿದ್ದೇವೆ ಎಂದರ್ಥ, 2 ಮಿ.ಮೀ. ತೆಗೆಯಬೇಕು. ಸಂದಿನಲ್ಲಿ ಚರ್ಮ ಹೊಳೆದರೆ ಹೆಚ್ಚು ತೆಗೆದಿದ್ದೇವೆ.

ಕೆಲವರು ಕಿವಿ ಮುಚ್ಚುವಷ್ಟು ಉದ್ದ ಬಿಡುತ್ತೇನೆ ಎನ್ನುತ್ತಾರೆ. ಆಗುತ್ತದೆ, ಆದರೆ ದಾರಿಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುತ್ತದೆ. 4 ರಿಂದ 7 ಸೆಂ.ಮೀ. ಇರುವಾಗ ಅದು ಕಿವಿಯ ಮೇಲೆ ಕೂತು ಹೊರಕ್ಕೆ ಬಾಗುತ್ತದೆ, ನಡುವಿನಿಂದ ಕಿವಿಯ ತುದಿ ಇಣುಕುತ್ತದೆ. ಆ ಮೂರು ನಾಲ್ಕು ತಿಂಗಳು ಎಲ್ಲಕ್ಕಿಂತ ಕಷ್ಟದ್ದು. ತನ್ನ ಭಾರಕ್ಕೆ ತಾನೇ ಇಳಿಬೀಳಲು ದಟ್ಟ ಕೂದಲಿಗೆ 12 ಸೆಂ.ಮೀ. ಆದರೂ ಬೇಕು. ಅಷ್ಟಾದ ಮೇಲೂ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಇದ್ದರೆ ಪ್ರಯೋಜನವಿಲ್ಲ, ಆ ಕೂದಲಿನ ಗಂಟು ಕಿವಿಯನ್ನು ಹಿಂದಿನಿಂದ ಹೊರಕ್ಕೆ ತಳ್ಳುತ್ತದೆ.

ಗಿಡ್ಡವೇ ಬೇಕು ಎನ್ನುವವರೂ ಇದ್ದಾರೆ, ಕಿವಿ ಕಂಡರೆ ಕಾಣಲಿ ಎನ್ನುವವರು. ಅವರಿಗೆ ಸೈಡ್ ನಂಬರ್ 3, ಮೇಲೆ ನಂಬರ್ 4 ಅಥವಾ 5, ಒಟ್ಟಾರೆ ಒಂದೇ ಮಟ್ಟದ ಗಿಡ್ಡ ಕಟಿಂಗ್ ಚೆನ್ನಾಗಿ ಒಪ್ಪುತ್ತದೆ. ಮೇಲೆ ರಾಶಿ ಕೂದಲು ಬಿಟ್ಟು ಸೈಡ್ ಬೋಳಿಸುವ ಎತ್ತರದ ಫೇಡ್ ಮಾತ್ರ ಬೇಡ ಎಂದು ಹೇಳಿ. ಬೋಳು ಸೈಡ್‌ನ ಮೇಲೆ ಕಿವಿಯ ನೆರಳು ಕೂಡ ಬಿದ್ದು ಅಂಚು ಇಮ್ಮಡಿ ಎದ್ದು ಕಾಣುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ತಲೆಸ್ನಾನ ಆದ ಮೇಲೆ ಸೈಡ್ ಕೂದಲನ್ನು ಕೆಳಕ್ಕೂ ಹಿಂದಕ್ಕೂ ಬಾಚಿ, ಟವೆಲ್‌ನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಒಣಗುವಾಗ ಅದೇ ಆಕಾರಕ್ಕೆ ಬರುತ್ತದೆ. ಹೊಳಪಿಲ್ಲದ ವ್ಯಾಕ್ಸ್ ಕಡಲೆಕಾಳಿನಷ್ಟು ತೆಗೆದುಕೊಂಡು ಮೊದಲು ಮೇಲ್ಗಡೆ ಹಚ್ಚಿ, ಅಂಗೈಯಲ್ಲಿ ಉಳಿದದ್ದನ್ನು ಸೈಡ್‌ಗೆ ಸವರಿದರೆ ಸಾಕು. ಜೆಲ್ ಹಾಕಿದರೆ ಕೂದಲು ಎಳೆ ಎಳೆಯಾಗಿ ಅಂಟಿಕೊಂಡು ಸಂದಿನಲ್ಲಿ ಚರ್ಮ ಕಾಣುತ್ತದೆ.

ಮೂರು ವಾರ ಕಳೆದರೆ ಕಿವಿಯ ಮೇಲಿನ ಕೂದಲು 7-8 ಮಿ.ಮೀ. ಬೆಳೆದು ಸೂರಾಗಲು ಶುರುವಾಗುತ್ತದೆ. ಆಗ ಗಿರಾಕಿ ಬಂದು "ಸೈಡ್ ಮಾತ್ರ ಹೊಡೀರಿ" ಎಂದರೆ ಮತ್ತೆ ಮೆಷಿನ್ ಕಡೆ ಕೈ ಹೋಗುತ್ತದೆ. ಒಣಗೂದಲಿನಲ್ಲೇ ಬಾಚಣಿಗೆ ಮೇಲೆ ಕತ್ತರಿ ಓಡಿಸಿ ಆ 7-8 ಮಿ.ಮೀ. ಮಾತ್ರ ತೆಗೆದು, ಕುತ್ತಿಗೆ ಸ್ವಚ್ಛ ಮಾಡಿ ಕಳಿಸಿ.